ವಿದೇಶದಿಂದ ಮರಳಿದ ಎಂಜಿನಿಯರರ ಒಂದು ಪುಟದ ಪತ್ರ

ಈ ವಾರ ಜಯನಗರದ ನಮ್ಮ ಕಚೇರಿಗೆ ಹಿರಿಯ ಸ್ಟ್ರಕ್ಚರಲ್ ಎಂಜಿನಿಯರ್ ಹುದ್ದೆಗಾಗಿ ಬಂದ ಅರ್ಜಿಗಳಲ್ಲಿ ಒಂದರ ಜೊತೆಗಿದ್ದ ಕವರ್ ಲೆಟರ್ ನನ್ನ ಮನಸ್ಸಿನಿಂದ ಇನ್ನೂ ಇಳಿದಿಲ್ಲ. ಬರೆದವರು ಮ್ಯಾಂಚೆಸ್ಟರಿನಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿ ಈಗ ಬೆಂಗಳೂರಿಗೆ ಮರಳಿರುವ ಮಹಿಳೆ. ಪತ್ರವನ್ನು ನಮ್ಮ ಹಿರಿಯ ಪಾಲುದಾರರ ಮೇಜಿನ ಮೇಲಿಟ್ಟಾಗ ಅವರು ಓದುವ ಮೊದಲೇ ಕೇಳಿದರು: "ಇವರು ಇಲ್ಲಿ ಉಳೀತಾರಾ?"

ನಮ್ಮ ಪಾಲುದಾರರು ಒಳ್ಳೆಯ ಎಂಜಿನಿಯರ್, ಒಳ್ಳೆಯ ಮನುಷ್ಯ. ಆದರೆ ಹಿಂದೊಮ್ಮೆ ಹೊರದೇಶದಿಂದ ಬಂದು ಸೇರಿದ ಒಬ್ಬರು ಅರ್ಧಕ್ಕೇ ಬಿಟ್ಟು ಹೋದ ಮೇಲೆ, ಅಂಥ ಅರ್ಜಿ ಬಂದಾಗಲೆಲ್ಲ ಅವರ ಬಾಯಿಂದ ಬರುವುದು ಇದೊಂದೇ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ ಎಂದು ನಾನೂ ಒಪ್ಪುತ್ತೇನೆ. ಆದರೆ ಕಾಗದ ಓದದೆ ಕೇಳುವುದು ನ್ಯಾಯವಲ್ಲ.

ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಅಲ್ಲಿನ ದೊಡ್ಡ ಯೋಜನೆಗಳ ಪಟ್ಟಿಯಿರುತ್ತದೆ, ತಾಯ್ನಾಡಿನ ಸೆಳೆತದ ಬಗ್ಗೆ ಎರಡು ಸಾಲಿರುತ್ತದೆ, ಆ ಅನುಭವ ಇಲ್ಲಿ ಹೇಗೆ ಬಳಕೆಗೆ ಬರುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಈಕೆ ಎರಡನೆಯ ಪ್ಯಾರಾದಲ್ಲಿ ನೇರವಾಗಿ ಕಾಂಕ್ರೀಟಿಗೇ ಬಂದಿದ್ದರು. ಬ್ರಿಟನ್ನಿನಲ್ಲಿ ತಾವು ಯುರೋಪಿನ ವಿನ್ಯಾಸ ಸಂಹಿತೆಯಾದ ಯೂರೋಕೋಡ್ ಪ್ರಕಾರ ವಿನ್ಯಾಸ ಮಾಡುತ್ತಿದ್ದುದಾಗಿಯೂ, ಅಲ್ಲಿ C30/37 ಎಂದು ಬರೆಯುವ ಕಾಂಕ್ರೀಟಿನಲ್ಲಿ 30 ಎಂಬುದು ಸಿಲಿಂಡರ್ ಆಕಾರದ ಮಾದರಿಯನ್ನು ಒಡೆದು ಅಳೆದ ಬಲ, 37 ಎಂಬುದು ಅದೇ ಕಾಂಕ್ರೀಟಿನ ಕ್ಯೂಬನ್ನು ಒಡೆದು ಅಳೆದ ಬಲವೆಂದೂ, ನಮ್ಮ ದೇಶದ ಕಾಂಕ್ರೀಟ್ ಸಂಹಿತೆ IS 456ರ M30 ಎಂಬುದು ಕ್ಯೂಬಿನ ಬಲವಾದ್ದರಿಂದ ಅದಕ್ಕೆ ಸರಿಹೊಂದುವುದು C30/37 ಅಲ್ಲ, C25/30 ಎಂದೂ ಬರೆದಿದ್ದರು.

ಈ ಒಂದು ವಾಕ್ಯವನ್ನು ನಾನು ಎಷ್ಟು ಸಲ ಓದಿದೆನೋ! ಎರಡರಲ್ಲೂ 30 ಇದೆಯೆಂದು ಯಾರಾದರೂ C30/37 ಎಂದು ಲೆಕ್ಕ ಹಾಕಿ ನಕ್ಷೆಯಲ್ಲಿ M30 ಎಂದು ಬರೆದುಬಿಟ್ಟರೆ, ಅವರು ನಂಬಿಕೊಂಡ ಬಲಕ್ಕಿಂತ ಸುಮಾರು ಐದನೇ ಒಂದು ಪಾಲು ಕಡಿಮೆ ಬಲದ ಕಂಬ ಎದ್ದು ನಿಲ್ಲುತ್ತದೆ. ಸೈಟಿನಲ್ಲಿ ಇದು ಗೊತ್ತಾಗುವುದೂ ಇಲ್ಲ. 28ನೆಯ ದಿನ ಕ್ಯೂಬ್ ಒಡೆದು ನೋಡಿದರೆ ಅದು M30ಕ್ಕೆ ತಕ್ಕ ಬಲವನ್ನೇ ತೋರಿಸುತ್ತದೆ, ವರದಿಗೆ ಎಲ್ಲರೂ ಸಹಿ ಹಾಕುತ್ತಾರೆ. ತಪ್ಪು ಕಾಂಕ್ರೀಟಿನಲ್ಲಿರದೆ ಲೆಕ್ಕದ ಹಾಳೆಯಲ್ಲಿರುವುದರಿಂದ, ಎರಡೂ ಸಂಹಿತೆ ಬಲ್ಲವರು ಆ ಹಾಳೆ ನೋಡಿದಾಗ ಮಾತ್ರ ಅದು ಸಿಕ್ಕಿಬೀಳುತ್ತದೆ. ಹೊರಗೆ ದುಡಿದ ಅನುಭವ ನಮಗೆ ಒದಗಬೇಕಾದದ್ದು ಇಂಥ ಕಡೆಯೇ.

ಅಷ್ಟಕ್ಕೇ ನಿಲ್ಲಿಸದೆ, ಅಲ್ಲಿ ಮಾಡಿದ್ದ ಆರು ಮಹಡಿಯ ಒಂದು ಕಟ್ಟಡದ ಚೌಕಟ್ಟನ್ನು IS 456 ಮತ್ತು ನಮ್ಮ ಭೂಕಂಪ ಸಂಹಿತೆ IS 1893ರ ಪ್ರಕಾರ ಮತ್ತೆ ಲೆಕ್ಕ ಹಾಕಿ, ವ್ಯತ್ಯಾಸಗಳನ್ನು ಎರಡು ಪುಟಗಳಲ್ಲಿ ಲಗತ್ತಿಸಿದ್ದರು. ಬ್ರಿಟನ್ನಿನಲ್ಲಿ ಸಾಮಾನ್ಯ ಕಟ್ಟಡಗಳಿಗೆ ಭೂಕಂಪದ ಲೆಕ್ಕ ಹಾಕುವ ಪದ್ಧತಿಯಿಲ್ಲ. ಬೆಂಗಳೂರಿನಲ್ಲಿ ಭೂಕಂಪದ ಅಪಾಯ ಅಷ್ಟೇನೂ ದೊಡ್ಡದಲ್ಲದಿದ್ದರೂ ಇಲ್ಲಿ ಅದನ್ನು ಬಿಡುವಂತಿಲ್ಲ. ಆ ಲೆಕ್ಕವನ್ನು ಹೊಸದಾಗಿ ಅಭ್ಯಾಸ ಮಾಡಿಕೊಂಡಿರುವುದಾಗಿಯೂ, ಮೊದಲ ಕೆಲವು ವಿನ್ಯಾಸಗಳನ್ನು ಇಲ್ಲಿನ ಹಿರಿಯರೊಬ್ಬರು ಪರಿಶೀಲಿಸಬೇಕೆಂಬುದು ತಮ್ಮ ಕೋರಿಕೆಯೆಂದೂ ಬರೆದಿದ್ದರು. ಅಲ್ಲಿ ಕಂಬಿ ಕಾರ್ಖಾನೆಯಲ್ಲೇ ಕತ್ತರಿಸಿ ಬಗ್ಗಿಸಿ ಬರುತ್ತಿತ್ತು, ಸೈಟಿನಲ್ಲೇ ಬಾರ್ ಬೆಂಡರುಗಳಿಂದ ಆ ಕೆಲಸ ಮಾಡಿಸಿದ ಅನುಭವ ತಮಗೆ ಕಡಿಮೆ ಎಂಬುದನ್ನೂ ಮುಚ್ಚಿಟ್ಟಿರಲಿಲ್ಲ. ತನಗೆ ಗೊತ್ತಿಲ್ಲದ್ದನ್ನು ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲವರ ಕೈಗೆ ನಕ್ಷೆ ಕೊಡಲು ನನಗೆ ಹೆದರಿಕೆಯಿಲ್ಲ.

ಪಾಲುದಾರರ ಪ್ರಶ್ನೆಗೆ ಉತ್ತರ ಮೂರನೆಯ ಪ್ಯಾರಾದಲ್ಲಿತ್ತು. ಅದರಲ್ಲಿ "ಖಂಡಿತ ಇಲ್ಲೇ ಇರುತ್ತೇನೆ" ಎಂಬ ಭರವಸೆಯ ಮಾತೇ ಇರಲಿಲ್ಲ. ಮ್ಯಾಂಚೆಸ್ಟರಿನ ಬಾಡಿಗೆ ಮನೆ ಬಿಟ್ಟುಕೊಟ್ಟಾಗಿದೆ, ಮಗ ಜೂನಿನಿಂದ ಇಲ್ಲಿನ ಶಾಲೆಗೆ ಹೋಗುತ್ತಿದ್ದಾನೆ, ಯಜಮಾನರು ಆಗಲೇ ಇಲ್ಲಿ ಕೆಲಸಕ್ಕೆ ಸೇರಿದ್ದಾರೆ ಎಂದಷ್ಟೇ ಇತ್ತು. ಸಂಬಳದ ಬಗ್ಗೆಯೂ ಒಂದೇ ವಾಕ್ಯ: ಪೌಂಡಿನ ಲೆಕ್ಕವನ್ನು ರೂಪಾಯಿಗೆ ತಿರುಗಿಸಿ ಕೇಳುತ್ತಿಲ್ಲ, ಇಷ್ಟೇ ಅನುಭವವಿರುವ ಬೆಂಗಳೂರಿನ ಎಂಜಿನಿಯರಿಗೆ ನೀವು ಕೊಡುವುದನ್ನೇ ನಿರೀಕ್ಷಿಸುತ್ತೇನೆ. ಈ ಮಾತು ಬರವಣಿಗೆಯಲ್ಲಿ ಇಲ್ಲದಿದ್ದರೆ ನಮ್ಮಂಥ ಸಣ್ಣ ಕಚೇರಿಯವರು "ಇವರು ನಮ್ಮ ಕೈಗೆ ಎಟುಕುವವರಲ್ಲ" ಎಂದುಕೊಂಡು ಫೋನನ್ನೇ ಮಾಡುವುದಿಲ್ಲ. ಅಭ್ಯರ್ಥಿಗೆ ತಾನೇಕೆ ತಿರಸ್ಕೃತಳಾದೆನೆಂಬುದು ಎಂದೂ ತಿಳಿಯುವುದಿಲ್ಲ.

ಪಾಲುದಾರರು ಪತ್ರವನ್ನು ಎರಡು ಸಲ ಓದಿದರು. ಆಮೇಲೆ ಲಗತ್ತಿನ ಪುಟಗಳನ್ನು ತೆಗೆದು, ಪೆನ್ಸಿಲ್ ಹಿಡಿದು, ಎರಡನೆಯ ಮಹಡಿಯ ಒಂದು ಕಂಬದ ಲೆಕ್ಕವನ್ನು ತಾವೇ ಹಾಕಿ ನೋಡಿದರು; ಉತ್ತರ ತಾಳೆಯಾಯಿತು. ಶನಿವಾರ ಬೆಳಿಗ್ಗೆ ಸಂದರ್ಶನಕ್ಕೆ ಬರಹೇಳಲು ನನಗೆ ಸೂಚಿಸಿ, ಅಂದು ಕಂಬಿ ಕೆಲಸ ನಡೆಯುತ್ತಿರುವ ನಮ್ಮ ಒಂದು ಸೈಟಿಗೂ ಅವರನ್ನು ಕರೆದುಕೊಂಡು ಹೋಗಬೇಕೆಂದರು.