ಹಾಕಿದ ಕಾಯಿನ್ ಎಲ್ಲಿ ಹೋಯ್ತು ಮಾಮ?

ಈ ಶುಕ್ರವಾರ ನಾನೂ ಗೆಳೆಯನೂ ಸೇರಿ ಮಾಡಿದ ಫೋನ್ ಆಟ ಬಿಡುಗಡೆ ಆಗಬೇಕಿತ್ತು. ಆಗಲಿಲ್ಲ. ಅದಕ್ಕೆ ಕಾರಣ ಅಕ್ಕನ ಮಗ, ವಯಸ್ಸು ಒಂಬತ್ತು.

ಭಾನುವಾರ ಸಂಜೆ ನನ್ನ ಫೋನ್ ಕಿತ್ತುಕೊಂಡು ಸೋಫಾದ ಮೂಲೆ ಸೇರಿದ. ನಾನೂ ಖುಷಿಯಿಂದಲೇ ಕೊಟ್ಟೆ. ಆಟ ಸರಳ. ಒಂದು ಇರುವೆ ಕಾಳು ಹೊತ್ತು ಎಲೆಯಿಂದ ಎಲೆಗೆ ದಾಟಬೇಕು. ನಾವು ಬೆರಳಿನಿಂದ ದಾರಿ ಗೀಚಬೇಕು. ಮೇಲಿಂದ ಮಳೆಹನಿ ಬಿದ್ದು ಆ ದಾರಿಯನ್ನು ತೊಳೆದುಹಾಕುವಷ್ಟರಲ್ಲಿ ಇರುವೆ ಆಚೆ ಸೇರಿರಬೇಕು. ಒಂದು ಲೆವೆಲ್ ಗೆದ್ದರೆ 15 ಕಾಯಿನ್.

ಅವನು ಐದಾರು ಲೆವೆಲ್ ಆಡಿದ. ಆಮೇಲೆ ಇರುವೆಯನ್ನು ಬಿಟ್ಟೇಬಿಟ್ಟ. ಬೆರಳು ಒಂದೇ ಜಾಗದಲ್ಲಿ ಟಕ್ ಟಕ್ ಅಂತ ಕುಟ್ಟುತ್ತಿತ್ತು. ಬಗ್ಗಿ ನೋಡಿದರೆ ಬೋನಸ್ ಯಂತ್ರ. ಮೂರು ಉರುಳೆ, ಅದರ ಮೇಲೆ ಹಣ್ಣುಗಳ ಚಿತ್ರ. 10 ಕಾಯಿನ್ ಹಾಕಿದರೆ ತಿರುಗುತ್ತೆ. ಮೂರೂ ಒಂದೇ ಹಣ್ಣು ಬಂದರೆ 50 ಕಾಯಿನ್ ಸಿಗುತ್ತೆ, ಇಲ್ಲದಿದ್ದರೆ ಏನೂ ಇಲ್ಲ. ಅವನು ತಲೆ ಎತ್ತದೆ ಕೇಳಿದ:

"ಮಾಮ, ಹಾಕಿದ ಕಾಯಿನ್ ಎಲ್ಲಿ ಹೋಯ್ತು?"

"ಸೋತೆ ಕಣೋ, ಹೋಯ್ತು."

"ವಾಪಸ್ ಬರಲ್ವಾ?"

"ಇಲ್ಲ. ಆಟದ ಕಾಯಿನ್ ತಾನೆ, ನಿಜವಾದ ದುಡ್ಡಲ್ಲ."

"ಹಾಗಾದ್ರೆ ಇನ್ನೊಂದ್ಸಲ ಹಾಕ್ತೀನಿ."

ಮೊದಲೇ ತುಂಬಿಟ್ಟಿದ್ದ 300 ಕಾಯಿನ್‌ನಲ್ಲಿ ಕೊನೆಗೆ ಉಳಿದದ್ದು 20. ಫೋನ್ ವಾಪಸ್ ಕೊಡುವಾಗ ಮುಖ ಸಣ್ಣದಾಗಿತ್ತು. ಇರುವೆ ನೀರಿಗೆ ಬಿದ್ದಾಗ ಇದೇ ಹುಡುಗ ಕೇಕೆ ಹಾಕಿ ನಗುತ್ತಿದ್ದ. ಆ ಸೋಲು ಬೇರೆ, ಈ ಸೋಲು ಬೇರೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ರಾತ್ರಿ ಮಲಗಿದರೂ ಅದೇ ಮಾತು ಕಿವಿಯಲ್ಲಿ. ಎದ್ದು ಕೂತು, ಗೂಗಲ್ ಪ್ಲೇ ಸ್ಟೋರ್‌ಗೆ ಆಟ ಹಾಕುವವರು ಬಳಸುವ ಪ್ಲೇ ಕನ್ಸೋಲ್ ತೆರೆದೆ. ನಮ್ಮ ಆಟದ ವಯಸ್ಸಿನ ರೇಟಿಂಗ್ 3+ ಅಂತ ಹಾಯಾಗಿ ಕೂತಿತ್ತು.

ಅದು ಹೇಗೆ ಬಂತು ಅಂದರೆ, ಆಟದಲ್ಲಿ ಏನೇನಿದೆ ಅಂತ ಕೇಳಿ ರೇಟಿಂಗ್ ಕೊಡುವ ಪ್ರಶ್ನಾವಳಿ ಒಂದಿದೆ, ಅದನ್ನು ತುಂಬಿದವನು ನಾನೇ. ನಮ್ಮದು ಹೊಸ ವೈಯಕ್ತಿಕ ಖಾತೆ. ಅಂಥವರು ಕನಿಷ್ಠ 12 ಟೆಸ್ಟರ್‌ಗಳನ್ನು ಸತತ 14 ದಿನ ಮುಚ್ಚಿದ ಪರೀಕ್ಷೆಯಲ್ಲಿ, ಅಂದರೆ ನಾವು ಕರೆದವರಷ್ಟೇ ಆಡುವ ಪರೀಕ್ಷೆಯಲ್ಲಿ, ಇಟ್ಟುಕೊಂಡ ಮೇಲೆಯೇ ಎಲ್ಲರಿಗೂ ಬಿಡುಗಡೆ ಮಾಡಲು ಅರ್ಜಿ ಹಾಕಬಹುದು. ಪರೀಕ್ಷೆ ಶುರುಮಾಡುವ ಅವಸರದಲ್ಲಿ ಪ್ರಶ್ನಾವಳಿಯನ್ನು ಹತ್ತು ನಿಮಿಷದಲ್ಲಿ ಮುಗಿಸಿದ್ದೆ. ಹಿಂಸೆ ಇದೆಯೇ, ಇಲ್ಲ. ಕೆಟ್ಟ ಮಾತು, ಇಲ್ಲ. ಜೂಜು, ಇಲ್ಲ. ಅವತ್ತಿಗೆ ಅದೆಲ್ಲ ನಿಜವೇ ಆಗಿತ್ತು. ಪರೀಕ್ಷೆಯ ಎರಡನೇ ವಾರದಲ್ಲಿ "ಕಾಯಿನ್ ಸೇರ್ತಾನೇ ಇದೆ, ಏನ್ ಮಾಡೋದು ಅದನ್ನ?" ಅಂತ ಟೆಸ್ಟರ್‌ಗಳು ಕೇಳಿದರು. ಆಗ ಬಂದದ್ದು ಈ ಯಂತ್ರ. ಆಟದಲ್ಲಿರುವ ವಿಷಯ ಬದಲಾಗಿ ಉತ್ತರಗಳೂ ಬದಲಾಗುವಂತಿದ್ದರೆ ಪ್ರಶ್ನಾವಳಿಯನ್ನು ಮತ್ತೆ ತುಂಬಬೇಕು. ಅದು ನಮ್ಮ ಜವಾಬ್ದಾರಿ. ನಮ್ಮಿಬ್ಬರಿಗೂ ಅದರ ನೆನಪೇ ಇರಲಿಲ್ಲ.

ಸರಿ, ಹೊಸದಾಗಿ ತುಂಬಿದೆ. ಈ ಸಲ ಜೂಜಿನ ಅನುಕರಣೆ ಇದೆ ಅಂತ ಒತ್ತಿದೆ. ಈ ವ್ಯವಸ್ಥೆಯ ಹೆಸರು ಐಎಆರ್‌ಸಿ. ಒಂದೇ ಪ್ರಶ್ನಾವಳಿಗೆ ಉತ್ತರ ಕೊಟ್ಟರೆ ಬೇರೆ ಬೇರೆ ದೇಶಗಳ ಸಂಸ್ಥೆಗಳ ಲೆಕ್ಕದಲ್ಲಿ ಬೇರೆ ಬೇರೆ ರೇಟಿಂಗ್ ಬರುತ್ತೆ. ಸಲ್ಲಿಸುವ ಮುಂಚೆ ಸಾರಾಂಶದ ಪುಟದಲ್ಲಿ ಅವನ್ನೆಲ್ಲ ಸಾಲಾಗಿ ತೋರಿಸುತ್ತೆ. ಯುರೋಪಿನ ಪೆಗಿ: 18. ಆಸ್ಟ್ರೇಲಿಯಾ: 18ರ ಮೇಲಿನವರಿಗೆ ಮಾತ್ರ. ಕಾಳು ಹೊತ್ತ ಇರುವೆಗೆ! ಸಲ್ಲಿಸುವ ಬಟನ್ ಒತ್ತಲಿಲ್ಲ. ಸುಮ್ನೆ ನೋಡುತ್ತಾ ಕೂತೆ.

ಇದು ಹುಚ್ಚುಚ್ಚಾಗಿ ಬಂದ ಉತ್ತರವೇನಲ್ಲ. ಆಟದಲ್ಲಿ ನಿಜವಾದ ದುಡ್ಡು ಇದೆಯೋ ಇಲ್ಲವೋ ಅನ್ನುವುದು ಪೆಗಿಗೆ ಮುಖ್ಯವಲ್ಲ. ಕ್ಯಾಸಿನೋದಲ್ಲಿ, ಜೂಜಿನ ಅಡ್ಡೆಯಲ್ಲಿ ಆಡುವಂಥ ಅದೃಷ್ಟದ ಆಟವನ್ನು ಇದು ಕಲಿಸುತ್ತದೆಯೇ, ಪ್ರೋತ್ಸಾಹಿಸುತ್ತದೆಯೇ ಅಂತ ನೋಡುತ್ತಾರೆ. 2020ರಿಂದ ಅಂಥ ಹೊಸ ಆಟಗಳಿಗೆ 18 ಕೊಡುತ್ತಿದ್ದಾರೆ. ಆಸ್ಟ್ರೇಲಿಯಾದ ನಿಯಮ 2024ರ ಸೆಪ್ಟೆಂಬರ್ 22ರಿಂದ ಬಂದದ್ದು, ಇನ್ನೂ ವಿಚಿತ್ರ. ನಿಜವಾದ ದುಡ್ಡು ಕೊಟ್ಟು ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆ ಕೊಳ್ಳುವ ಆಟಕ್ಕೆ ಕನಿಷ್ಠ ಎಂ ರೇಟಿಂಗ್, ಅಂದರೆ 15 ದಾಟಿದವರಿಗೆ ಒಳ್ಳೆಯದು ಅನ್ನುವ ಸಲಹೆ ಅಷ್ಟೆ. ಬರೀ ಆಟದ ಕಾಯಿನ್ ಹಾಕಿ ಉರುಳೆ ತಿರುಗಿಸಿದರೆ ಮಾತ್ರ ಕಟ್ಟುನಿಟ್ಟಾದ 18. ನನ್ನನ್ನು ಕೇಳಿದರೆ ಇದು ತಿರುಗಾಮುರುಗಾ. ಆದರೆ ನನ್ನನ್ನು ಯಾರೂ ಕೇಳಿಲ್ಲ.

ಇನ್ನೊಂದು ತಲೆನೋವೂ ಇತ್ತು. ಯಾವ ವಯಸ್ಸಿನವರಿಗಾಗಿ ಈ ಆಟ ಅಂತ ಕನ್ಸೋಲ್ ಬೇರೆಯಾಗಿ ಕೇಳುತ್ತೆ. ಅದು ರೇಟಿಂಗ್ ಅಲ್ಲ. ಒಂದು ಆಟ 3+ ಆಗಿದ್ದೂ ದೊಡ್ಡವರಿಗಾಗಿಯೇ ಮಾಡಿದ್ದಾಗಿರಬಹುದು. ತುಂಬಾ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ನಾವು ಅಲ್ಲಿ 9ರಿಂದ 12 ಅನ್ನುವುದಕ್ಕೂ ಟಿಕ್ ಹಾಕಿದ್ದೆವು. ಹಾಗೆ ಮಕ್ಕಳನ್ನು ಸೇರಿಸಿಕೊಂಡ ಕೂಡಲೇ ಮಕ್ಕಳ ಆಟಗಳಿಗೆ ಅಂತ ಪ್ಲೇ ಸ್ಟೋರ್ ಇಟ್ಟಿರುವ ಕುಟುಂಬ ನೀತಿ ಅನ್ವಯಿಸುತ್ತೆ. ಅದರಲ್ಲಿ ಜೂಜಿನ ಅನುಕರಣೆಗೂ ಜಾಗ ಇಲ್ಲ. ಅಂದರೆ ಅಕ್ಕನ ಮಗನ ವಯಸ್ಸಿನವರಿಗೆ ಅಂತಲೇ ನಾವು ಬರೆದುಕೊಟ್ಟ ಆಟದಲ್ಲಿ ಅವನ ಎದುರಿಗೇ ಆ ಯಂತ್ರ ಇಟ್ಟಿದ್ದೆವು.

ಬೆಳಿಗ್ಗೆ ಗೆಳೆಯನಿಗೆ ಫೋನ್ ಮಾಡಿದೆ. ಚಿತ್ರವೆಲ್ಲ ಅವನದು, ಕೋಡ್ ನನ್ನದು. ಬಿಲ್ಡ್, ಅಂದರೆ ನಾವು ಸ್ಟೋರ್‌ಗೆ ಕಳಿಸಿದ ಆಟದ ಪ್ರತಿ, ಪರಿಶೀಲನೆ ಮುಗಿದು ಒಪ್ಪಿಗೆ ಸಿಕ್ಕಾಗಿತ್ತು. ನಾವು ಮ್ಯಾನೇಜ್ಡ್ ಪಬ್ಲಿಷಿಂಗ್ ಆನ್ ಮಾಡಿದ್ದೆವು. ಹಾಗೆ ಮಾಡಿದರೆ ಒಪ್ಪಿಗೆ ಸಿಕ್ಕ ತಕ್ಷಣ ಆಟ ಹೊರಗೆ ಹೋಗಲ್ಲ, ನಾವು ಒತ್ತುವ ತನಕ ಕಾಯುತ್ತೆ. ಶುಕ್ರವಾರ ಒಂದು ಬಟನ್ ಒತ್ತಿದ್ದರೆ ಮುಗಿಯುತ್ತಿತ್ತು.

"ಹಳೇ ಉತ್ತರ ಅಲ್ಲೇ ಇದೆಯಲ್ಲ ಮಾರಾಯ, ಮತ್ತೆ ಯಾಕೆ ತುಂಬೋಕೆ ಹೋದೆ?" ಅಂದ.

ಅವನು ಕೆಟ್ಟವನಲ್ಲ. ಆ ಉರುಳೆಗಳನ್ನು ಹನ್ನೊಂದು ದಿನ ಕೂತು ಬರೆದಿದ್ದ. ಚೆರ್ರಿ ಹಣ್ಣಿನ ಮೇಲೆ ಬೆಳಕು ಜಾರುವುದನ್ನು ಅವನಂತೆ ಮೂಡಿಸುವವರು ನನಗೆ ಗೊತ್ತಿರುವವರಲ್ಲಿ ಬೇರೆ ಯಾರೂ ಇಲ್ಲ. ಆದರೆ ತಾನು ಕಷ್ಟಪಟ್ಟಿದ್ದೆಲ್ಲ ಆಟಕ್ಕೆ ಬೇಕೇ ಬೇಕು ಅನ್ನುವ ಭ್ರಮೆ ಅವನಿಗೆ ಮೊದಲಿಂದಲೂ ಇದೆ. ನನಗೂ ಇದೆ ಬಿಡಿ. ಉರುಳೆ ನಿಲ್ಲುವ ಮುಂಚೆ ಅರೆಕ್ಷಣ ತಡೆಯುವ ಹಾಗೆ ಕೋಡ್ ಬರೆದು, ಅದನ್ನು ಹತ್ತು ಜನಕ್ಕೆ ತೋರಿಸಿದವನು ನಾನೇ. ಆ ಅರೆಕ್ಷಣಕ್ಕೇ ತಾನೆ ಹುಡುಗ ಮತ್ತೆ ಮತ್ತೆ ಒತ್ತಿದ್ದು?

ಸುಳ್ಳು ಉತ್ತರ ಉಳಿದರೆ ಏನಾಗುತ್ತೆ ಅಂತಲೂ ಮಾತಾಡಿದೆವು. ರೇಟಿಂಗ್ ಸಂಸ್ಥೆಗಳು ಆಮೇಲೆ ನೋಡಿ ರೇಟಿಂಗ್ ಬದಲಿಸಬಹುದು, ಸ್ಟೋರ್ ಆಟವನ್ನೇ ತೆಗೆಯಬಹುದು. ಅವನು ಇದಕ್ಕೂ ಜಗ್ಗಲಿಲ್ಲ. ಜಗ್ಗಿದ್ದು ಸ್ಕ್ರೀನ್‌ಶಾಟ್ ವಿಷಯಕ್ಕೆ.

ಸ್ಟೋರ್‌ನಲ್ಲಿ ನಮ್ಮ ಆಟವನ್ನು ತೋರಿಸುವ ಪುಟ, ಅಂದರೆ ಲಿಸ್ಟಿಂಗ್‌ನಲ್ಲಿ, ಮೊದಲ ಚಿತ್ರ ಆಟದ ಹೆಸರಿನ ಪರದೆ, ಎರಡನೆಯದು ಈ ಯಂತ್ರ. ಅಷ್ಟು ಬಣ್ಣದ ಚಿತ್ರ ನಮ್ಮಲ್ಲಿ ಬೇರೆ ಇರಲಿಲ್ಲ, ಅದಕ್ಕೇ ಮುಂದೆ ಹಾಕಿದ್ದೆವು. ಲಿಸ್ಟಿಂಗ್ ನೋಡಿಕೊಡಿ ಅಂತ ಮೂವರಿಗೆ ಕಳಿಸಿದ್ದೆವು. ಅವರಲ್ಲಿ ಇಬ್ಬರು "ಸ್ಲಾಟ್ ಗೇಮಾ?" ಅಂತ ಕೇಳಿದ್ದರು. ನಾವು ಅದನ್ನು ತಮಾಷೆ ಅಂತ ತಳ್ಳಿಹಾಕಿದ್ದೆವು. ಈಗ ಗೆಳೆಯನಿಗೆ ಒಂದೇ ಮಾತು ಹೇಳಿದೆ: ಫೋನಿನಲ್ಲಿ ಲಿಸ್ಟಿಂಗ್ ತೆರೆದು ಕೈ ಚಾಚಿ ದೂರ ಹಿಡಿ, ನಿನ್ನ ಇರುವೆ ಎಲ್ಲಿ ಕಾಣುತ್ತೆ ಹೇಳು. ಸ್ವಲ್ಪ ಹೊತ್ತು ಸುಮ್ಮನಿದ್ದ. "ಕಾಣಲ್ಲ" ಅಂದ.

1080 ಪಿಕ್ಸೆಲ್ ಅಗಲ, 1920 ಪಿಕ್ಸೆಲ್ ಎತ್ತರದಲ್ಲಿ ಬರೆದದ್ದು ಅಲ್ಲಿ ಹೆಬ್ಬೆರಳಿನಷ್ಟು ಆಗಿಬಿಡುತ್ತೆ. ಕೆಳಗಿನ ಬರಹ ಮಸುಕಾಗುತ್ತೆ. ಉಳಿಯುವುದು ಒಂದು ಆಕಾರ, ಒಂದು ಬಣ್ಣ. ಉರುಳೆ ನೋಡಿ ಬಂದವರು ಇರುವೆ ಕಂಡು ಬೈದು ಹೋಗುತ್ತಾರೆ. ಇರುವೆ ಬೇಕಾದವರು ಒಳಗೇ ಬರಲ್ಲ.

ಸೋಮವಾರವಿಡೀ ಹೊಸ ಮೊದಲ ಚಿತ್ರಕ್ಕೆ ಹೋಯಿತು. ಮೂರನೇ ಲೆವೆಲ್ ಆಡುತ್ತಾ ಆಡುತ್ತಾ ನೂರಕ್ಕೂ ಜಾಸ್ತಿ ಸಲ ಪರದೆ ಹಿಡಿದೆವು. ಕೊನೆಗೆ ಆರಿಸಿದ್ದರಲ್ಲಿ ದಾರಿ ಅರ್ಧಕ್ಕೆ ನಿಂತಿದೆ, ಇರುವೆ ಅದರ ತುದಿಯಲ್ಲಿದೆ, ತಲೆಯ ಮೇಲೆ ಒಂದು ದೊಡ್ಡ ಹನಿ ಇನ್ನೇನು ಬೀಳುವ ಹಾಗೆ ತೂಗುತ್ತಿದೆ. ಹನಿ ಬಿದ್ದ ಮೇಲಿನ ಚಿತ್ರವೂ ಚೆನ್ನಾಗಿತ್ತು. ಆದರೆ ಅದರಲ್ಲಿ ಎಲ್ಲ ಮುಗಿದುಹೋಗಿತ್ತು. ಬೀಳುವ ಮುಂಚಿನದನ್ನು ನೋಡಿದರೆ ಏನು ಮಾಡಬೇಕು ಅಂತ ಬೆರಳಿಗೇ ಗೊತ್ತಾಗುತ್ತೆ. ಬರಹ ಹಾಕಲೇ ಇಲ್ಲ. ಹೆಸರಿನ ಪರದೆಯನ್ನೂ ತೆಗೆದೆವು. ಹೆಸರು ಹೇಗೂ ಮೇಲೆಯೇ ಇರುತ್ತೆ.

ಯಂತ್ರದ ಜಾಗಕ್ಕೆ ಏನು? ಪಣ ಕಟ್ಟುವುದನ್ನು ಮಾತ್ರ ತೆಗೆದು ಉರುಳೆ ಉಳಿಸೋಣ ಅಂತ ಗೆಳೆಯ ಕೊನೆಯ ಸಲ ಜಗ್ಗಾಡಿದ. ನಾನು ಒಪ್ಪಲಿಲ್ಲ. ಉರುಳೆ ನೋಡಿದರೆ ಸಾಕು, ಯಾರಿಗಾದರೂ ಕ್ಯಾಸಿನೋನೇ ನೆನಪಾಗುತ್ತೆ. ಈಗ ಐದು ಲೆವೆಲ್ ದಾಟಿದರೆ ಒಂದು ಎಲೆ ಬಿಚ್ಚಿಕೊಳ್ಳುತ್ತೆ, ಒಳಗೆ ಯಾವಾಗಲೂ 30 ಕಾಯಿನ್. ಕಾಯಿನ್ ಕೊಟ್ಟರೆ ಇರುವೆಗೆ ಬೇರೆ ಬೇರೆ ಟೋಪಿ. ಕಳೆದುಕೊಳ್ಳುವಂಥದ್ದು ಏನೂ ಇಲ್ಲ. ಪ್ರಶ್ನಾವಳಿಯನ್ನು ಮೂರನೇ ಸಲ ತುಂಬಿದೆ, ಜೂಜು ಇಲ್ಲ ಅಂತ. ಈ ಸಲ ಆ ಗುಂಡಿ ಒತ್ತುವಾಗ ಬೆರಳು ತಡೆಯಲಿಲ್ಲ.

ಹೊಸ ಬಿಲ್ಡ್, ಹೊಸ ಚಿತ್ರ, ಹೊಸ ಉತ್ತರ ಎಲ್ಲ ಮತ್ತೆ ಪರಿಶೀಲನೆಗೆ ಹೋಗಿವೆ. ಅದಕ್ಕೆ ಏಳು ದಿನ ಹಿಡಿಯಬಹುದು, ಕೆಲವು ಸಲ ಇನ್ನೂ ಜಾಸ್ತಿ. ಆದ್ದರಿಂದ ಈ ಸಲ ತಾರೀಖನ್ನು ಯಾರಿಗೂ ಹೇಳಿಲ್ಲ. ಒಪ್ಪಿಗೆ ಬಂದ ಮೇಲೆ ಬರುವ ಮಂಗಳವಾರ, ಅಷ್ಟೆ. ಶುಕ್ರವಾರ ಅಂತ ಇಟ್ಟುಕೊಂಡದ್ದೂ ದಡ್ಡತನವೇ. ಮೊದಲ ಬಿಡುಗಡೆಯನ್ನು ಶೇಕಡಾ ಹತ್ತು ಜನಕ್ಕೆ, ಆಮೇಲೆ ಇಪ್ಪತ್ತಕ್ಕೆ ಅಂತ ಹಂತ ಹಂತವಾಗಿ ಬಿಡಲು ಬರಲ್ಲ. ಆ ಸೌಲಭ್ಯ ಇರುವುದು ಆಮೇಲಿನ ಅಪ್‌ಡೇಟ್‌ಗಳಿಗೆ. ಶನಿವಾರ ಯಾರದೋ ಫೋನಿನಲ್ಲಿ ಆಟ ಕುಸಿದರೆ, ನಾವು ಸರಿಮಾಡಿ ಕಳಿಸಿದ್ದೂ ಮತ್ತೆ ಪರಿಶೀಲನೆಯ ಸಾಲಿನಲ್ಲಿ ನಿಲ್ಲಬೇಕು. ಅಷ್ಟರೊಳಗೆ ಒಂದು ನಕ್ಷತ್ರದ ವಿಮರ್ಶೆಗಳು ಬಂದು ಕೂತಿರುತ್ತವೆ. ಮೊದಲ ದಿನಕ್ಕೆ ಎರಡೇ ದೇಶ ಆರಿಸಿದ್ದೇವೆ. ಅಲ್ಲಿ ಸರಿಯಾಗಿ ಓಡಿದರೆ ಉಳಿದವನ್ನು ಸೇರಿಸುತ್ತೇವೆ.

ನಿನ್ನೆ ಅಕ್ಕನ ಮಗ ಮತ್ತೆ ಬಂದಿದ್ದ. ಹೊಸ ಬಿಲ್ಡ್ ಹಾಕಿದ ಫೋನನ್ನು ನಾನೇ ಕೊಟ್ಟೆ. ಟೋಪಿ ಹಾಕಿದ ಇರುವೆ ನೋಡಿ ನಕ್ಕ. ನಾಲ್ಕೈದು ಲೆವೆಲ್ ಚೆನ್ನಾಗಿಯೇ ಆಡಿದ. ಆಮೇಲೆ ಪರದೆಯ ಮೂಲೆ ಮೂಲೆ ಒತ್ತಿ ಏನನ್ನೋ ಹುಡುಕತೊಡಗಿದ.

"ಆ ಮಷೀನ್ ಎಲ್ಲಿ ಮಾಮ?"

"ತೆಗೆದುಬಿಟ್ವಿ."

"ಯಾಕೆ? ಇನ್ನೊಂದ್ಸಲ ಹಾಕಿದ್ರೆ ನಾನು ಗೆಲ್ತಿದ್ದೆ."