ಭಟ್ಟಿ ಪದ್ಯದ ಕೊನೆ: ನಾಲ್ಕನೆಯ ತಿದ್ದುಪಡಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಕಂಡದ್ದನ್ನು ಕುರಿತು ಬರೆಯುತ್ತಿರುವ ಸಣ್ಣ ಪದ್ಯವು ಈ ವಾರ ನಾಲ್ಕನೆಯ ತಿದ್ದುಪಡಿಗೆ ಬಂದಿದೆ. ಮೊದಲ ಕರಡು ಹೀಗಿತ್ತು:

ಮರಳು ಕಾದಿದೆ, ಅಕ್ಕಿ ಬಿದ್ದೊಡನೆ
ಬಾಣಲೆಯ ತುಂಬ ಬಿಳಿ.
ಜರಡಿ ಹಿಡಿದವಳು ರೆಪ್ಪೆ ಒರೆಸಿಕೊಂಡಳು,
ಸೆರಗಿಗೆ ಮಸಿ ಬಂತು.
ಬೆಂದವರಿಗಷ್ಟೇ ಬೆಳಕು,
ಬದುಕೂ ಒಂದು ಭಟ್ಟಿ.

ಕೊನೆಯ ಎರಡು ಸಾಲುಗಳನ್ನು ಕೈಯಿಂದ ಮುಚ್ಚಿ ಓದಿದಾಗ ಏನೂ ಕಳೆದುಹೋಗಲಿಲ್ಲ. ಅಕ್ಕಿ ಬೆಳ್ಳಗಾಗುವುದೂ ಹೆಂಗಸಿಗೆ ಮಸಿ ಹತ್ತುವುದೂ ಅಕ್ಕಪಕ್ಕದಲ್ಲಿಯೇ ಇರುವುದರಿಂದ ಆ ಎರಡರ ನಂಟನ್ನು ಓದುಗರು ತಾವೇ ಕಾಣುತ್ತಾರೆ. ‘ಬದುಕೂ’ ಎಂಬಲ್ಲಿನ ‘ಊ’, ‘ಅಷ್ಟೇ’ ಎಂಬಲ್ಲಿನ ‘ಏ’ ಕಾರಗಳನ್ನು ಗಮನಿಸಬೇಕು. ಅಲ್ಲಿಯವರೆಗೆ ಭಟ್ಟಿಯನ್ನು ನೋಡುತ್ತಿದ್ದ ಪದ್ಯದೊಳಗೆ, ಈ ಎರಡು ಅಕ್ಷರಗಳ ಮೂಲಕ, ಹೋಲಿಸಿ ತೀರ್ಪು ಕೊಡುವ ಕವಿಯ ದನಿಯೊಂದು ನುಸುಳುತ್ತದೆ. ನನ್ನ ಹಳೆಯ ಪದ್ಯಗಳನ್ನು ತೆರೆದು ನೋಡಿದಾಗಲೂ ಉಪದೇಶ ಮೊದಲಾಗುವ ಜಾಗದಲ್ಲಿ ಬಹುಮಟ್ಟಿಗೆ ಇವೇ ಸಿಕ್ಕವು.

ಆದರೆ ಎರಡು ಸಾಲು ತೆಗೆದ ಎರಡನೆಯ ಕರಡು ಮುಗಿದಂತೆ ಕೇಳಿಸಲಿಲ್ಲ, ಅರ್ಧಕ್ಕೆ ನಿಂತಂತಿತ್ತು. ಭಾಮಿನಿ ಷಟ್ಪದಿಯಲ್ಲಿ 14 ಮಾತ್ರೆಯ ಸಾಲುಗಳ ನಂತರ 23 ಮಾತ್ರೆಯ ಸಾಲೊಂದು ಬಂದು ಗುರುವಿನ ಮೇಲೆ ನಿಲ್ಲುತ್ತದೆ, ವಚನಕ್ಕೆ ಅಂಕಿತವಿದೆ. ಹೀಗೆ ಕೊನೆಯಲ್ಲೊಂದು ನಿಲುಗಡೆಯನ್ನು ಬಯಸುವ ಕಿವಿ ನಮ್ಮದು. ಆ ಜಾಗವನ್ನು ನಾದದಿಂದ ತುಂಬಲಾಗದೆ ನಾನು ನೀತಿಯಿಂದ ತುಂಬಿದ್ದೆನೆಂದು ಈಗ ತೋರುತ್ತದೆ.

ಮೂರನೆಯ ಕರಡಿನಲ್ಲಿ ‘ಮಸಿಯ ನಡುವೆ ಅರಳದ ಒಂದು ಕಾಳು’ ಎಂದು ಸೇರಿಸಿದೆ. ಇದು ಮೊದಲಿಗೆ ಬಹಳ ಹಿಡಿಸಿತ್ತು. ಎರಡು ದಿನ ಬಿಟ್ಟು ಗಟ್ಟಿಯಾಗಿ ಓದಿದಾಗ ಮಾತ್ರ, ಆ ಕಾಳು ಸೆರಗಿನ ಮೇಲೆ ತಾನಾಗಿ ಬಿದ್ದದ್ದಲ್ಲ, ಅವಳ ಕಷ್ಟಕ್ಕೆ ಸಂಕೇತವಾಗಲೆಂದು ನಾನೇ ಇಟ್ಟದ್ದು ಎಂದು ತಿಳಿಯಿತು. ಚಿತ್ರದ ವೇಷ ಹಾಕಿದ ಉಪದೇಶವನ್ನು ಗುರುತಿಸುವುದು ನೇರ ಉಪದೇಶಕ್ಕಿಂತ ಕಷ್ಟ. ನಾನು ಹಿಡಿದ ಪರೀಕ್ಷೆ ಇಷ್ಟು: ಆ ವಸ್ತುವನ್ನು ಭಟ್ಟಿಯಲ್ಲಿ ದುಡಿಯುವವರು ಕೆಲಸದ ನಡುವೆ ಗಮನಿಸುತ್ತಾರೆಯೇ? ಆ ಒಂದು ಕಾಳನ್ನು ಯಾರೂ ಗಮನಿಸುವುದಿಲ್ಲ. ಅವರು ಗಮನಿಸುವುದು ಮುಂದಿನ ಮೊರದ ಅಕ್ಕಿಯನ್ನು.

ಹಾಗಾಗಿ ಮೂರನೆಯ ಸಾಲಿನ ನಂತರ ಈಗ ಇರುವುದು ಇದು:

ಮಸಿ ಸೆರಗಿನಲ್ಲಿ,
ಹೊಸ ಅಕ್ಕಿ ಮೊರದಲ್ಲಿ.

ಕ್ರಿಯಾಪದವನ್ನು ಬಿಟ್ಟದ್ದರಿಂದ ಸಾಲು ತಾನಾಗಿ ನಿಲ್ಲುತ್ತದೆ, ‘ಅಲ್ಲಿ’ ಎರಡು ಬಾರಿ ಬಂದು ಕಿವಿಗೆ ಬೇಕಾದ ಮುಕ್ತಾಯವನ್ನು ಕೊಡುತ್ತದೆ, ಕೆಲಸವೂ ಮುಂದುವರಿಯುತ್ತದೆ. ‘ಬೆಂಕಿಯ ಮಗಳು’ ಎಂದಿದ್ದ ಶೀರ್ಷಿಕೆಯು ತೆಗೆದ ಸಾಲುಗಳ ಮಾತನ್ನೇ ಮೊದಲಿಗೆ ಹೇಳಿಬಿಡುತ್ತಿದ್ದುದರಿಂದ ಅದನ್ನೂ ‘ಭಟ್ಟಿ’ ಎಂದು ಬದಲಿಸಿದ್ದೇನೆ. ಮುಂದಿನ ವಾರ ಎರಡನೆಯ ಸಾಲಿನ ‘ತುಂಬ’ ಬೇಕೇ ಎಂದು ನೋಡಬೇಕು.