ಹಂದಿಗೆ ಹಾಕಿದ ತಂತಿ, ಸತ್ತ ಮನುಷ್ಯ: ಕೋರ್ಟು ಕೇಳುವ ಪ್ರಶ್ನೆ ಯಾವುದು?

ನಾನು ಮಂಡ್ಯದಲ್ಲಿ ಕ್ರಿಮಿನಲ್ ಕೇಸುಗಳನ್ನು ನಡೆಸುವ ವಕೀಲ. ನಮ್ಮ ಕಡೆ ಕಬ್ಬು, ಭತ್ತದ ಹೊಲಗಳಿಗೆ ಕಾಡುಹಂದಿ ಕಾಟ ಜಾಸ್ತಿಯಾದ ಮೇಲೆ ಒಂದು ಬಗೆಯ ಕೇಸು ಮತ್ತೆ ಮತ್ತೆ ಬರುತ್ತದೆ. ರೈತ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯಿಂದ ಒಂದು ವೈರು ಎಳೆದು, ಹೊಲದ ಸುತ್ತ ಬಿಗಿದ ತಂತಿಗೆ ಕರೆಂಟ್ ಬಿಡುತ್ತಾನೆ. ಹಂದಿ ಸಾಯಬೇಕಾದ ಕಡೆ ಮನುಷ್ಯ ಸಾಯುತ್ತಾನೆ.

ಆರೋಪ ಹೊತ್ತು ನನ್ನ ಹತ್ತಿರ ಬಂದವರೆಲ್ಲ ಮೊದಲು ಹೇಳುವ ಮಾತು ಒಂದೇ. "ಹಂದೀಗೆ ಹಾಕಿದ್ದು ಸಾ, ಮನುಷ್ಯಂಗಲ್ಲ. ಅವನಿಗೂ ನಮಗೂ ದ್ವೇಷ ಏನಿತ್ತು ಹೇಳಿ?" ಅವರಿಗೆ ಇದೇ ದೊಡ್ಡ ರಕ್ಷಣೆ ಅನ್ನಿಸುತ್ತದೆ. ಜೂನಿಯರ್ ವಕೀಲರೂ ಎಷ್ಟೋ ಸಲ ವಾದವನ್ನೆಲ್ಲ ಇದರ ಮೇಲೇ ಕಟ್ಟುತ್ತಾರೆ. ಆದರೆ ಇಂಥ ಕೇಸಿನ ಗೆಲುವು ಸೋಲು ಬೇರೆ ಕಡೆ ಇದೆ. ಅದನ್ನು ಒಂದು ಕೇಸು ಇಟ್ಟುಕೊಂಡು ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ನಾಲೆ ಬದಿಯ ಒಂದು ಎಕರೆ ಭತ್ತದ ಗದ್ದೆ. ತೆನೆ ಕಟ್ಟುವ ಹೊತ್ತು. ನಾಲ್ಕೂ ಕಡೆ ಮರದ ಗೂಟ ನೆಟ್ಟು, ಮೊಣಕಾಲಿಗಿಂತ ಕೆಳಗೆ ಜಿಐ ತಂತಿ ಬಿಗಿದಿದ್ದರು. ರೈತ ರಾತ್ರಿ ಎಂಟರ ಸುಮಾರಿಗೆ ಕರೆಂಟ್ ಕೊಟ್ಟು ಮನೆಗೆ ಹೋದರು. ದಿನಾ ಬೆಳಗ್ಗೆ ಆರಕ್ಕೆ ಬಂದು ತೆಗೆಯುವುದು ರೂಢಿ. ಆದರೆ ಆ ದಿನ ನಸುಕಿನ ನಾಲ್ಕರ ಹೊತ್ತಿಗೆ ಪಕ್ಕದ ಗದ್ದೆಯವರು ನೀರು ಕಟ್ಟಲು ಬದುವಿನ ಮೇಲೆ ಬಂದರು. ಕಾಲು ತಂತಿಗೆ ತಾಗಿತು. 230 ವೋಲ್ಟ್, ಒದ್ದೆ ನೆಲ, ಬರಿಗಾಲು. ಅಲ್ಲೇ ಹೋದರು.

ಪೊಲೀಸರು ಐಪಿಸಿ 304, ಅಂದರೆ ಕೊಲೆಯಲ್ಲದ ನರಹತ್ಯೆಯ ಕಲಂ ಹಾಕಿದರು. ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದದ್ದು 2024ರ ಜುಲೈ 1ಕ್ಕೆ. ಘಟನೆ ಅದಕ್ಕಿಂತ ಮುಂಚಿನದು, ಹಾಗಾಗಿ ಹಳೆ ಕಾನೂನೇ ಅನ್ವಯ.

ಅಪರಾಧ ಅಂತ ಹೇಳಲು ಸಾಮಾನ್ಯವಾಗಿ ಎರಡು ಬೇಕು. ಒಂದು, ಕಾನೂನು ಬೇಡ ಅಂದ ಕೆಲಸ ನಡೆದಿರಬೇಕು. ಇದು ಆಕ್ಟಸ್ ರಿಯಸ್. ಇನ್ನೊಂದು, ಆ ಕೆಲಸ ಮಾಡುವಾಗ ಮನಸ್ಸಿನಲ್ಲಿ ಕಾನೂನು ಹೇಳಿದ ಸ್ಥಿತಿ ಇರಬೇಕು. ಇದು ಮೆನ್ಸ್ ರಿಯಾ. ಈ ಕೇಸಿನಲ್ಲಿ ಮೊದಲನೆಯದರ ಬಗ್ಗೆ ಹೆಚ್ಚು ಜಗಳವಿರಲಿಲ್ಲ. ಕಾಲಿನ ಮೇಲೆ ವಿದ್ಯುತ್ ಸುಟ್ಟ ಗಾಯ ಇದೆ ಅಂತ ಮರಣೋತ್ತರ ಪರೀಕ್ಷೆ ಹೇಳಿತ್ತು. ವೈರು ಎಲ್ಲಿಂದ ಬಂತು ಅಂತ ವಿದ್ಯುತ್ ಪರಿವೀಕ್ಷಕರ ವರದಿ ಹೇಳಿತ್ತು.

"ಅವನು ಸಾಯೋವಾಗ ನಾನು ಮನೇಲಿ ಮಲಗಿದ್ದೆ ಸಾ" ಅಂತ ರೈತ ಹೇಳಿದರು. ಅದರಿಂದ ಏನೂ ಬದಲಾಗುವುದಿಲ್ಲ. ಅವರ ಕೃತ್ಯ ನಡೆದದ್ದು ನಾಲ್ಕು ಗಂಟೆಗೆ ಅಲ್ಲ, ಎಂಟು ಗಂಟೆಗೆ, ಸ್ವಿಚ್ ಒತ್ತಿದಾಗ. ಸಾವು ಆಮೇಲೆ ಬಂತು ಅಷ್ಟೇ. ಆದರೆ ಈ ಮಾತಿಗೆ ಇನ್ನೊಂದು ಮಗ್ಗಲು ಇದೆ, ಅದು ನಮಗೆ ಬಹಳ ಮುಖ್ಯವಾಯಿತು. ಮನಸ್ಸಿನ ಸ್ಥಿತಿಯನ್ನೂ ಅದೇ ಎಂಟು ಗಂಟೆಗೇ ಅಳೆಯಬೇಕು. ಆಮೇಲೆ ಯಾರಾದರೂ ಆ ಕಡೆ ಹೊರಟಿದ್ದಾರೆ ಅಂತ ತಿಳಿದೂ ಆಫ್ ಮಾಡದೆ ಸುಮ್ನೆ ಇದ್ದರೆ ಕಥೆ ಬೇರೆ. ಮಾಡಲೇಬೇಕಾದದ್ದನ್ನು ಮಾಡದಿರುವುದನ್ನೂ ಕಾನೂನು ಕೃತ್ಯವೆಂದೇ ಎಣಿಸುತ್ತದೆ. ಇಲ್ಲಿ ಹಾಗೆ ಆಗಿರಲಿಲ್ಲ.

ಈಗ ದ್ವೇಷದ ಮಾತಿಗೆ ಬರೋಣ. ದ್ವೇಷ, ಆಸೆ, ಬೆಳೆ ಉಳಿಸುವ ಚಿಂತೆ ಇವೆಲ್ಲ ಪ್ರೇರಣೆ, ಅಂದರೆ ಮೋಟಿವ್. "ಯಾಕೆ ಮಾಡಿದ?" ಅನ್ನೋದಕ್ಕೆ ಉತ್ತರ. ಉದ್ದೇಶ ಬೇರೆ. "ಈ ಕೆಲಸದಿಂದ ಏನಾಗಬೇಕು ಅಂತ ಮಾಡಿದ?" ಅನ್ನೋದಕ್ಕೆ ಅದು ಉತ್ತರ. ಅರಿವು ಮೂರನೆಯದು. "ಹೀಗೆ ಮಾಡಿದರೆ ಏನಾಗಬಹುದು ಅಂತ ಅವನಿಗೆ ಗೊತ್ತಿತ್ತಾ?" ಅಂತ ಕೇಳಿದರೆ ಸಿಗುವುದು ಅದು. ಆಗಲಿ ಅಂತ ಬಯಸದೇ ಇದ್ದರೂ ಅರಿವು ಇರಬಹುದು.

ಸುಪ್ರೀಂ ಕೋರ್ಟ್ 1956ರಲ್ಲಿ ಬಸದೇವ್ ಅನ್ನುವವನ ಕೇಸಿನಲ್ಲಿ ಈ ಮೂರನ್ನೂ ಬಿಡಿಸಿ ಹೇಳಿದೆ. ಅವನು ನಿವೃತ್ತ ಜಮಾದಾರ. ಮದುವೆ ಊಟಕ್ಕೆ ಬಂದವನು ಚೆನ್ನಾಗಿ ಕುಡಿದಿದ್ದ. ಒಬ್ಬ ಹುಡುಗನಿಗೆ ಸ್ವಲ್ಪ ಸರಿದು ಜಾಗ ಬಿಡು ಅಂದ. ಹುಡುಗ ಸರಿಯಲಿಲ್ಲ. ಪಿಸ್ತೂಲು ತೆಗೆದು ಹೊಟ್ಟೆಗೆ ಹೊಡೆದೇಬಿಟ್ಟ. ಹಳೆ ದ್ವೇಷ ಇರಲಿಲ್ಲ, ಇದ್ದ ಕಾರಣ ಒಂದು ಕೂರುವ ಜಾಗ. ಆದರೂ ಕೊಲೆಯ ಶಿಕ್ಷೆ ಉಳಿಯಿತು. ಪ್ರೇರಣೆ ಎಷ್ಟೇ ಚಿಕ್ಕದಾಗಿರಲಿ, ಉದ್ದೇಶ ಅದರಿಂದ ಚಿಕ್ಕದಾಗುವುದಿಲ್ಲ. ಪ್ರೇರಣೆ ಎಷ್ಟೇ ಒಳ್ಳೆಯದಾಗಿರಲಿ, ಅದರಿಂದಲೇ ಅರಿವು ಅಳಿಸಿಹೋಗುವುದೂ ಇಲ್ಲ. ಬೆಳೆ ಉಳಿಸಿಕೊಳ್ಳಬೇಕು ಅನ್ನುವುದು ಖಂಡಿತ ಒಳ್ಳೆಯ ಪ್ರೇರಣೆ. ಜಡ್ಜ್ ಶಿಕ್ಷೆ ಎಷ್ಟು ಅಂತ ಯೋಚಿಸುವಾಗ ಅದು ಲೆಕ್ಕಕ್ಕೆ ಬರಬಹುದು. ಯಾವ ಅಪರಾಧ ಅಂತ ತೀರ್ಮಾನಿಸುವುದು ಅದಲ್ಲ.

ಪ್ರೇರಣೆಗೆ ಬೆಲೆಯೇ ಇಲ್ಲ ಅಂತಲೂ ಅಲ್ಲ. ಕಣ್ಣಾರೆ ಕಂಡ ಸಾಕ್ಷಿ ಇಲ್ಲದ ಕಡೆ ಅದು ದೊಡ್ಡ ಕೊಂಡಿ. ನಮ್ಮ ಕೇಸಿನಲ್ಲಿ ಸರ್ಕಾರಿ ಅಭಿಯೋಜಕರು ಇದನ್ನೇ ಹಿಡಿದರು. ಹಿಂದೊಮ್ಮೆ ಇಬ್ಬರಿಗೂ ಬದುವಿನ ವಿಷಯಕ್ಕೆ ಜಗಳ ಆಗಿತ್ತು. ಆ ಜಗಳ ತೋರಿಸಿ, ತಂತಿ ಹಾಕಿದ್ದೇ ಈ ಮನುಷ್ಯನಿಗೆ ಅಂತ ವಾದಿಸಲು ನೋಡಿದರು. ಇದಕ್ಕೆ ಉತ್ತರ ಸ್ಥಳ ಮಹಜರಿನಲ್ಲೇ ಇತ್ತು. ಮನುಷ್ಯನಿಗೆ ಅಂತ ಇಟ್ಟಿದ್ದರೆ ಅವನು ಓಡಾಡುವ ಬದುವಿಗೆ ಅಡ್ಡ ಕಟ್ಟುತ್ತಿದ್ದರು, ಉಳಿದ ಮೂರು ಕಡೆಗೆ ತಂತಿ ಯಾಕೆ? ಹಂದಿ ನುಗ್ಗುವ ಎತ್ತರಕ್ಕೆ ಯಾಕೆ? ಮನಸ್ಸನ್ನು ಬಗೆದು ನೋಡಲು ಆಗುವುದಿಲ್ಲ. ಆದ್ದರಿಂದ ಉದ್ದೇಶವನ್ನು ಕೋರ್ಟು ಗೂಟ, ತಂತಿ, ಎತ್ತರ, ಜಾಗ ಇಂಥವುಗಳಿಂದಲೇ ಓದುತ್ತದೆ. ಮಹಜರು ಬರೆಯುವ ಪೊಲೀಸರು ತಂತಿಯ ಎತ್ತರ ಬರೆಯದೇ ಬಿಟ್ಟಿದ್ದರೆ ಈ ಉತ್ತರ ನಮ್ಮ ಕೈಗೆ ಸಿಗುತ್ತಿರಲಿಲ್ಲ.

ಉದ್ದೇಶ ಬಿದ್ದುಹೋಯಿತು. ಆದರೆ ಅಪಾಯ ಹೋಗಲಿಲ್ಲ. ಐಪಿಸಿ 304ಕ್ಕೆ ಎರಡು ಭಾಗ. ಕೊಲ್ಲುವ ಅಥವಾ ಪ್ರಾಣ ಹೋಗುವಂಥ ಗಾಯ ಮಾಡುವ ಉದ್ದೇಶವಿದ್ದರೆ ಮೊದಲ ಭಾಗ. ಉದ್ದೇಶವಿಲ್ಲ, ಆದರೆ ಸಾವು ಆಗುವ ಸಂಭವವಿದೆ ಅನ್ನುವ ಅರಿವು ಇತ್ತು ಅಂದರೆ ಎರಡನೆಯ ಭಾಗ, 10 ವರ್ಷದವರೆಗೆ ಜೈಲು. ಅರಿವೂ ಇರಲಿಲ್ಲ, ಬರೀ ನಿರ್ಲಕ್ಷ್ಯ ಅಂದರೆ 304ಎ, 2 ವರ್ಷದವರೆಗೆ. ಹಾಗಾಗಿ ಇಡೀ ವಿಚಾರಣೆ ಒಂದೇ ಪ್ರಶ್ನೆಗೆ ಬಂದು ನಿಂತಿತು. ಎಂಟು ಗಂಟೆಗೆ ಆ ರೈತರಿಗೆ ಏನು ಗೊತ್ತಿತ್ತು?

ಇಲ್ಲಿ ಎಡವುವವರು ಜಾಸ್ತಿ. "ಯಾರಿಗಾದರೂ ಗೊತ್ತಿರುತ್ತೆ ಅಲ್ವಾ, ಕರೆಂಟ್ ಮುಟ್ಟಿದರೆ ಸಾಯ್ತಾರೆ ಅಂತ?" ಅಂತ ಕೇಳುತ್ತಾರೆ. ಗೊತ್ತಿರಬೇಕಿತ್ತು ಅನ್ನುವುದು ನಿರ್ಲಕ್ಷ್ಯದ ಅಳತೆ. ಅದಕ್ಕೆ ಒಬ್ಬ ಸಾಮಾನ್ಯ ಎಚ್ಚರದ ಮನುಷ್ಯನನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. 304ರ ಎರಡನೆಯ ಭಾಗಕ್ಕೆ ಬೇಕಾದದ್ದು ಈ ಆರೋಪಿಗೆ ನಿಜವಾಗಿ ಗೊತ್ತಿತ್ತು ಅನ್ನುವುದು. ಅದೂ ತಂತಿ ಅಪಾಯ ಅನ್ನುವ ಅರಿವು ಮಾತ್ರ ಸಾಲದು. ಮನುಷ್ಯರು ಅಲ್ಲಿಗೆ ಬಂದು ಸಾಯುವ ಸಂಭವವಿದೆ ಅನ್ನುವ ಅರಿವು ಬೇಕು.

ನಮ್ಮ ಕೇಸಿನಲ್ಲಿ ಕೂಲಿಯವರೊಬ್ಬರು ಸಾಕ್ಷಿ ಹೇಳಿದರು. "ರಾತ್ರಿ ಆ ಕಡೆ ಬರ್ಬೇಡಿ, ಕರೆಂಟ್ ಬಿಟ್ಟಿರ್ತೀನಿ ಅಂತ ಗೌಡ್ರು ನಮಗೆ ಹೇಳಿದ್ರು." ಅಭಿಯೋಜಕರು ಗೆದ್ದೆವು ಅನ್ನುವ ಹಾಗೆ ಕೂತರು. ನೋಡಿ, ಅವರಿಗೆ ಅರಿವಿತ್ತು! ಹೌದು, ತಂತಿ ಕೊಲ್ಲುತ್ತದೆ ಅನ್ನುವ ಅರಿವಿತ್ತು. ಆದರೆ ಅದೇ ಮಾತು, ಹೇಳಿದ್ದೇನೆ, ಇನ್ನು ಯಾರೂ ಬರುವುದಿಲ್ಲ ಅಂತ ಅವರು ನಂಬಿದ್ದರು ಅನ್ನುವುದನ್ನೂ ತೋರಿಸುತ್ತದೆ. ಒಂದೇ ಸಾಕ್ಷಿ ಎರಡೂ ಕಡೆ ಕುಯ್ಯುತ್ತದೆ. ಹಾಗಾದರೆ ಪಕ್ಕದ ಗದ್ದೆಯವರು ಆ ರಾತ್ರಿ ಬರುತ್ತಾರೆ ಅಂತ ಗೊತ್ತಿತ್ತಾ?

ಇದಕ್ಕೆ ಉತ್ತರ ಕೊಟ್ಟದ್ದು ನೀರುಗಂಟಿ. ನಾಲೆ ನೀರು ಯಾವ ದಿನ ಯಾರ ಸರದಿ ಅಂತ ನೋಡಿಕೊಳ್ಳುವವರು ಅವರು. ಮುಖ್ಯ ವಿಚಾರಣೆಯಲ್ಲಿ "ಸರದಿ ವಿಷಯ ಎಲ್ರಿಗೂ ಹೇಳಿದ್ದೆ" ಅಂದಿದ್ದರು. ಪಾಟೀಸವಾಲಿನಲ್ಲಿ ನಾನು ಆ "ಎಲ್ರಿಗೂ" ಅನ್ನುವುದನ್ನು ಮಾತ್ರ ಹಿಡಿದು ನಿಧಾನವಾಗಿ ಬಿಡಿಸಿದೆ. ಯಾವತ್ತು ಹೇಳಿದ್ದು? ಯಾವ ದಿನದ ಸರದಿ? ಆಗ ಹೊರಬಂತು. ಮೃತರ ಸರದಿ ಇದ್ದದ್ದು ಮರುದಿನ ಹಗಲು. ನಾಲೆಯಲ್ಲಿ ನೀರು ಇಳಿಯುತ್ತಿದೆ ಅಂತ ಕಂಡು ಅದೇ ರಾತ್ರಿಗೆ ತಿರುಗಿಸಿದರು. ಮೃತರಿಗೆ ಫೋನ್ ಮಾಡಿ ಹೇಳಿದ್ದು ರಾತ್ರಿ ಒಂಬತ್ತರ ಮೇಲೆ. ರೈತರಿಗೆ ಹೇಳಿದಿರಾ? ಇಲ್ಲ. ಫೋನ್ ಕರೆಯ ದಾಖಲೆಯೂ ಆ ಹೊತ್ತನ್ನೇ ತೋರಿಸಿತು. ಸ್ವಿಚ್ ಒತ್ತಿದ್ದು ಎಂಟಕ್ಕೆ.

ಅಭಿಯೋಜಕರಿಗೂ ಒಳ್ಳೆಯ ಉತ್ತರವಿತ್ತು. ನೀರಿನ ದಿನಗಳಲ್ಲಿ ರಾತ್ರಿ ಯಾರಾದರೂ ಒಬ್ಬರು ಬದುವಿನ ಮೇಲೆ ಓಡಾಡುವುದು ಊರಿಗೇ ಗೊತ್ತು ಅಂದರು. ನಿಜ. ಬೋರ್ಡು ಇರಲಿಲ್ಲ, ಕೆಂಪು ಬಟ್ಟೆ ಕಟ್ಟಿರಲಿಲ್ಲ, ಪಕ್ಕದ ಮನೆಗೇ ಹೇಳಿರಲಿಲ್ಲ. 1963ರಲ್ಲಿ ಚೆರುಬಿನ್ ಗ್ರೆಗರಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿದೆ. ಅಕ್ಕಪಕ್ಕದವರು ತನ್ನ ಶೌಚಾಲಯ ಬಳಸುತ್ತಾರೆ ಅಂತ ಒಬ್ಬ ದಾರಿಗೆ ಅಡ್ಡವಾಗಿ ಕರೆಂಟ್ ಬಿಟ್ಟ ಬರಿ ತಂತಿ ಕಟ್ಟಿದ, ಒಬ್ಬ ಹೆಂಗಸು ಸತ್ತಳು. ನನ್ನ ಜಾಗಕ್ಕೆ ಅವರು ಅತಿಕ್ರಮವಾಗಿ ಬಂದರು ಅನ್ನುವ ವಾದ ನಿಲ್ಲಲಿಲ್ಲ. 304ಎ ಶಿಕ್ಷೆ ಉಳಿಯಿತು. ನಮ್ಮ ಕೇಸಿನಲ್ಲೂ ಜಡ್ಜ್ ಅಲ್ಲಿಗೇ ಬಂದರು: ಗೊತ್ತಿರಬೇಕಿತ್ತು ಅನ್ನುವುದು ಸಾಬೀತಾಗಿದೆ, ಗೊತ್ತಿತ್ತು ಅನ್ನುವುದು ಸಾಬೀತಾಗಿಲ್ಲ. 304ರ ಆರೋಪದಿಂದ ಬಿಟ್ಟು 304ಎ ಅಡಿ ಶಿಕ್ಷೆ ಕೊಟ್ಟರು.

ಮೃತರ ಹೆಂಡತಿ ಹೊರಗೆ ಸಿಕ್ಕಾಗ ಕೇಳಿದ ಮಾತು ನನಗೆ ಈಗಲೂ ಭಾರವೇ. "ಗೊತ್ತಿದ್ದು ಮಾಡುದ್ರೂ ಹೋದದ್ದು ಒಂದೇ ಜೀವ ಅಲ್ವಾ ಸಾ, ಗೊತ್ತಿಲ್ದೆ ಮಾಡುದ್ರೂ ಒಂದೇ ಅಲ್ವಾ?" ಅವರಿಗೆ ಆದ ನಷ್ಟದ ಕಡೆಯಿಂದ ನೋಡಿದರೆ ಅವರು ಹೇಳಿದ್ದು ಪೂರ್ತಿ ಸರಿ. 2 ವರ್ಷ ಅನ್ನುವುದು ಇಂಥ ಸಾವುಗಳಿಗೆ ಕಡಿಮೆಯೇ ಅಂತ ನನ್ನ ಅನಿಸಿಕೆ ಕೂಡ. ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದ ಸಾವಿಗೆ, ಅಂದರೆ 106(1)ಕ್ಕೆ, 5 ವರ್ಷದವರೆಗೆ ಶಿಕ್ಷೆ ಆಗಿದೆ. ಅರಿವಿನ ಕೇಸು ಈಗ 105ರಲ್ಲಿದೆ, ಅಲ್ಲಿ 10 ವರ್ಷದವರೆಗೆ. ನಡುವಿನ ಅಂತರ ಕಡಿಮೆಯಾಗಿದೆ, ಆದರೆ 106(1) ಜಾಮೀನು ಸಿಗುವ ಅಪರಾಧ, 105 ಅಲ್ಲ. ಹಾಗಾಗಿ ಈ ಗೆರೆ ಎಲ್ಲಿ ಬೀಳುತ್ತದೆ ಅನ್ನುವುದು ಮೊದಲ ದಿನದಿಂದಲೇ ಮುಖ್ಯ.

ಅದಕ್ಕೇ ಈಗ ಇಂಥ ಕೇಸು ಬಂದರೆ ನಾನು ಜೂನಿಯರ್‌ಗಳಿಂದ ಮೊದಲು ಬರೆಸುವುದು ಯಾಕೆ ಹಾಕಿದಿರಿ ಅನ್ನುವುದನ್ನಲ್ಲ. ಎಷ್ಟು ಹೊತ್ತಿಗೆ ಕರೆಂಟ್ ಕೊಟ್ಟಿರಿ, ಆ ಹೊತ್ತಿಗೆ ಯಾರು ಯಾರಿಗೆ ಹೇಳಿದ್ದಿರಿ, ಹಿಂದೆ ನಾಯಿಯೋ ಕರುವೋ ಅದೇ ತಂತಿಗೆ ಸತ್ತಿತ್ತಾ, ಅವತ್ತು ನೀರು ಯಾರ ಸರದಿ ಅಂತ ಕೇಳಿಸುತ್ತೇನೆ. ಕರು ಸತ್ತಿದ್ದರೆ ವಾದವೇ ಬದಲಾಗುತ್ತದೆ, ಅದನ್ನು ಮುಚ್ಚಿಟ್ಟರೆ ಪಾಟೀಸವಾಲಿನಲ್ಲಿ ಹೊರಬರುತ್ತದೆ. ಫೋನ್ ಕರೆಯ ದಾಖಲೆಗೆ ಅರ್ಜಿಯನ್ನು ಆದಷ್ಟು ಬೇಗ ಹಾಕಿಸುತ್ತೇನೆ. ಮೊಬೈಲ್ ಕಂಪನಿಗಳು ಅದನ್ನು ಬಹಳ ವರ್ಷ ಇಟ್ಟುಕೊಂಡಿರುವುದಿಲ್ಲ, ನಮ್ಮ ಕೋರ್ಟಿನಲ್ಲಿ ಸಾಕ್ಷಿ ಕಟ್ಟೆ ಹತ್ತುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ.